ಆ ಟ್ಯೂಬಿನ ಮುಚ್ಚಳ ತೆಗೀಬೇಡ

"ದೊಡ್ಡಮ್ಮ, ಅಮ್ಮ ಭಾನುವಾರ ತಲೆಗೆ ಡೈ ಹಚ್ಚಿದ್ದಳು. ನಿನ್ನೆಯಿಂದ ಕಿವಿ, ಹಣೆ ಎಲ್ಲಾ ಕೆರೆತ, ಕಣ್ಣಿನ ರೆಪ್ಪೆ ಊದಿದೆ, ಹಣೆ ಅಂಚು ಕಪ್ಪಾಗ್ತಿದೆ. ವರ್ಷಗಟ್ಟಲೆ ಇದೇ ಡೈ, ಏನೂ ಆಗಿರಲಿಲ್ಲ. ಕಪ್ಪಿಗೆ ಫೇರ್‌ನೆಸ್ ಕ್ರೀಮ್ ಹಚ್ಚಲಾ?"

ಬೇಡ ಪುಟ್ಟಿ, ಆ ಕ್ರೀಮ್ ಮುಟ್ಟಲೇಬೇಡ. ಡೈ ಹಚ್ಚಿ ನಿಮ್ಮ ದೊಡ್ಡಪ್ಪನ ಮುಖ ಹೇಗಾಗಿತ್ತು ಅಂತ ಮನೆಯವರಿಗೆಲ್ಲಾ ಗೊತ್ತು, ನೀನು ಆಗ ಚಿಕ್ಕವಳು, ನೆನಪಿರಲಿಕ್ಕಿಲ್ಲ. ಅವರೂ ಹೀಗೇ ಹೇಳುತ್ತಿದ್ದರು, ಇಷ್ಟು ವರ್ಷ ಹಚ್ಚಿದ್ದೇನೆ, ಈಗೇನಾಗುತ್ತೆ ಅಂತ. ಅಲರ್ಜಿ ಬರುವುದೇ ಹಾಗೆ. ಹಚ್ಚೀ ಹಚ್ಚೀ ಒಂದು ದಿನ ಮೈ ಅದನ್ನು ಗುರುತು ಹಿಡಿದುಬಿಡುತ್ತೆ. ಆಮೇಲೆ ಬಿಡುವುದಿಲ್ಲ, ಸಾಮಾನ್ಯವಾಗಿ ಜೀವನಪೂರ್ತಿ.

ಅವರಿಗೂ ಹಚ್ಚಿದ ದಿನ ಏನೂ ಆಗಲಿಲ್ಲ. ಒಂದೆರಡು ದಿನ ಬಿಟ್ಟು ಶುರುವಾಯಿತು. ಅದಕ್ಕೇ ಡೈ ಮೇಲೆ ಯಾರಿಗೂ ಅನುಮಾನ ಬರಲಿಲ್ಲ, ಸೊಳ್ಳೆ ಅಂದರು, ಬಿಸಿಲು ಅಂದರು. ಇನ್ನೊಂದು ವಿಚಿತ್ರ ನೋಡು, ಬಣ್ಣ ಹಚ್ಚಿದ್ದು ತಲೆಗೆ, ಆದರೆ ತಲೆಗೆ ಬರೀ ಸ್ವಲ್ಪ ತುರಿಕೆ. ಜಾಸ್ತಿ ಆಗಿದ್ದು ಕೂದಲಿನ ಅಂಚಿಗೆ, ಕಿವಿಯ ಮೇಲೆ, ಕತ್ತಿನ ಹಿಂದೆ, ರೆಪ್ಪೆಗೆ. ತಲೆಯ ಚರ್ಮ ದಪ್ಪ, ತಡೆದುಕೊಳ್ಳುತ್ತೆ. ತೊಳೆಯುವಾಗ ನೀರು ಇಳಿಯುವ ಜಾಗ, ರೆಪ್ಪೆಯ ತೆಳು ಚರ್ಮ, ಅಲ್ಲೇ ಏಳುವುದು. ಒಂದು ಕಿವಿಯ ಹಿಂದೆ ಸಣ್ಣ ಸಣ್ಣ ನೀರುಗುಳ್ಳೆ ಎದ್ದು, ಒಡೆದು, ಹಳದಿ ನೀರು ಒಸರಿ ದಿಂಬಿಗೆ ಅಂಟಿಕೊಂಡಿತ್ತು.

ಊತ ಇಳಿದ ಮೇಲೆ ಹಣೆಯ ಎರಡೂ ಪಕ್ಕ ಬೂದಿ ಬೆರೆಸಿದಂಥ ಕಪ್ಪು ಉಳಿಯಿತು. ಅಷ್ಟಕ್ಕೇ ಬಿಟ್ಟಿದ್ದರೆ ನಿಧಾನಕ್ಕೆ ತಿಳಿಯಾಗುತ್ತಿತ್ತೇನೋ. ಆದರೆ ಯಾರೋ ಒಂದು ಬೆಳ್ಳಗಾಗುವ ಕ್ರೀಮ್ ಕೊಟ್ಟರು. ಮೊದಲ ವಾರ ಪವಾಡ! ಕೆರೆತ ನಿಂತಿತು, ಬಣ್ಣ ತಿಳಿಯಾಯಿತು. ಆ ಟ್ಯೂಬಿನಲ್ಲಿ ಇದ್ದದ್ದು ಮೊಮೆಟಾಸೋನ್ ಅನ್ನುವ ಸ್ಟೀರಾಯ್ಡ್, ಜೊತೆಗೆ ಬಣ್ಣ ತಿಳಿ ಮಾಡುವ ಹೈಡ್ರೋಕ್ವಿನೋನ್. ಸ್ಟೀರಾಯ್ಡ್ ಅಲರ್ಜಿಯನ್ನು ಸುಮ್ಮನೆ ಅದುಮಿಟ್ಟಿತ್ತು ಅಷ್ಟೆ. ಕೆರೆತ ಹೋಯಿತಲ್ಲ ಅಂತ ಅವರು ಮತ್ತೆ ಡೈ ಹಚ್ಚಿದರು. ಈ ಸಲ ಇನ್ನೂ ಬೇಗ ಬಂತು, ಕಣ್ಣು ಪೂರ್ತಿ ಮುಚ್ಚಿಹೋಗುವಷ್ಟು. ಕ್ರೀಮ್ ಬಿಟ್ಟ ದಿನ ಮುಖ ಕೆಂಪಗೆ ಉರಿ, ಮೊಡವೆ, ಬಿಸಿಲಿಗೆ ಹೋಗುವ ಹಾಗಿಲ್ಲ. ಮತ್ತೆ ಹಚ್ಚಿದರೆ ಶಾಂತ, ಬಿಟ್ಟರೆ ಉರಿ. ತಿಂಗಳುಗಟ್ಟಲೆ ಹಚ್ಚಿ ಕೆನ್ನೆಯ ಚರ್ಮ ತೆಳುವಾಗಿ ಕೆಂಪು ರಕ್ತನಾಳ ಕಾಣಿಸುತ್ತಿತ್ತು. ಅದಕ್ಕೇ ಹೇಳುತ್ತಿದ್ದೇನೆ, ನಿನ್ನ ಫೇರ್‌ನೆಸ್ ಕ್ರೀಮಿನಲ್ಲೂ ಅದೇ ಇರಬಹುದು, ಮುಟ್ಟಬೇಡ. ಡೈಯಂತೂ ಇನ್ನು ಅಮ್ಮನ ತಲೆಗೆ ತಾಗಲೇಬಾರದು.

ದೊಡ್ಡಪ್ಪನಿಗೆ ಆ ಕ್ರೀಮ್ ಕೊಟ್ಟವರು ಯಾರು ಅಂತ ಹೇಳಲ್ಲ, ನಮ್ಮ ಮನೆಯವರ ಈ ಗ್ರೂಪ್‌ನಲ್ಲೇ ಇದ್ದಾರೆ, ಕೇಳಿಸಿಕೊಳ್ಳಲಿ. ಮುಖ ನೋಡಿದ ತಕ್ಷಣ "ಯಾಕೆ ಇಷ್ಟು ಕಪ್ಪಾಗಿದ್ದೀರಾ" ಅನ್ನುವುದು, ಆಮೇಲೆ ಚೀಲದಿಂದ ಟ್ಯೂಬ್ ತೆಗೆಯುವುದು. ಉರಿಯುತ್ತಿದ್ದಾಗ ಒಬ್ಬರೂ ಫೋನ್ ಮಾಡಲಿಲ್ಲ. ಮೂವತ್ತು ವರ್ಷದಿಂದ ನಾನು ಬಿಳಿ ಕೂದಲು ಬಿಟ್ಟುಕೊಂಡಿದ್ದಕ್ಕೂ ಇವರದೇ ಟೀಕೆ. ಹೋಗಲಿ ಬಿಡು.

ಅಯ್ಯೋ, ಏನು ಮಾಡಬೇಕು ಅಂತ ಹೇಳಲೇ ಇಲ್ಲ. ತಲೆಯಲ್ಲಿ ಡೈ ಇನ್ನೂ ಉಳಿದಿರಬಹುದು. ಹಗುರವಾದ ಶಾಂಪೂ ಹಾಕಿ, ತಲೆ ಹಿಂದಕ್ಕೆ ಬಾಗಿಸಿ, ಮುಖದ ಮೇಲೆ ನೀರು ಇಳಿಯದ ಹಾಗೆ ಚೆನ್ನಾಗಿ ತೊಳೆ. ಊದಿದ ಕಡೆ ತಣ್ಣೀರು ಬಟ್ಟೆ. ಇವತ್ತೇ ಚರ್ಮದ ಡಾಕ್ಟರಿಗೆ ತೋರಿಸು. ಅವರು ಸ್ಟೀರಾಯ್ಡ್ ಬರೆದುಕೊಟ್ಟರೆ ಹೆದರಬೇಡ, ಎಷ್ಟು ದಿನ, ಎಲ್ಲಿಗೆ ಅಂತ ಅವರೇ ಲೆಕ್ಕ ಹಾಕಿ ಹೇಳುತ್ತಾರೆ. ಉಸಿರು ಕಟ್ಟಿದರೆ, ನಾಲಿಗೆ ಊದಿದರೆ ಚರ್ಮದ ಡಾಕ್ಟರನ್ನು ಹುಡುಕುತ್ತಾ ಕೂರಬೇಡ, ನೇರ ಎಮರ್ಜೆನ್ಸಿಗೆ.

ಡೈ ಡಬ್ಬಿ ಎಸೆಯಬೇಡ, ಜೊತೆಗೆ ಒಯ್ಯಿ. ಹೆಚ್ಚಾಗಿ ಅದರಲ್ಲಿ ಅಲರ್ಜಿ ಮಾಡುವ ಪ್ಯಾರಾಫೆನಿಲೀನ್‌ಡೈಅಮೀನ್ ಅನ್ನುವ ಬಣ್ಣದ ರಾಸಾಯನಿಕ, ಅಂದರೆ ಪಿಪಿಡಿ ಇರುತ್ತೆ. ಬೇಗ ಕಪ್ಪಾಗುವ "ಮೆಹಂದಿ" ಪುಡಿಗಳಲ್ಲೂ ಹಾಕಿರುತ್ತಾರೆ, ಹೆಸರು ನಂಬಬೇಡ. ಎಲ್ಲಾ ಇಳಿದ ಮೇಲೆ ಪ್ಯಾಚ್ ಟೆಸ್ಟ್ ಕೇಳು. ಅನುಮಾನ ಇರುವ ವಸ್ತುಗಳನ್ನು ಹಾಕಿದ ಸಣ್ಣ ಪಟ್ಟಿಗಳನ್ನು ಬೆನ್ನಿಗೆ ಅಂಟಿಸಿ 48 ಗಂಟೆ ಬಿಡುತ್ತಾರೆ, ನೀರು ತಾಗಿಸುವ ಹಾಗಿಲ್ಲ, ತೆಗೆದ ದಿನ ಒಂದು ಸಲ, ಒಂದೆರಡು ದಿನ ಬಿಟ್ಟು ಇನ್ನೊಂದು ಸಲ ನೋಡುತ್ತಾರೆ. ದೊಡ್ಡಪ್ಪನ ಬೆನ್ನಲ್ಲಿ ಪಿಪಿಡಿ ಜಾಗ ಮಾತ್ರ ಗುಳ್ಳೆ ಕಟ್ಟಿತ್ತು. ಅಮ್ಮನಿಗೆ ಮನೆಯಲ್ಲಿ ಕಿವಿ ಹಿಂದೆ ಹಚ್ಚಿ ನೋಡುವುದೆಲ್ಲಾ ಬೇಡ, ಅದು ಇನ್ನೂ ಅಲರ್ಜಿ ಬಾರದವರಿಗೆ. ಡಬ್ಬಿಯ ಹಿಂಭಾಗದ ಫೋಟೋ ಮೊದಲು ಕಳಿಸು, ಕನ್ನಡಕ ಹಾಕಿಕೊಂಡು ಕೂತಿದ್ದೇನೆ.