ಮಾಳಿಗೆ ಮೇಲೆ ಸುಣ್ಣದ ಗಚ್ಚೋ, ಬಿಳಿ ಪೇಂಟೋ?

ಕೇಳಿದವರು, ಕಲಬುರಗಿ: ನಮ್ಮದು 20 ವರ್ಷದ ಆರ್‌ಸಿಸಿ ಮನೆ, ಮಾಳಿಗೆ 600 ಚದರಡಿ. ಮಳೆಗೆ ಸೋರುತ್ತದೆ, ಬೇಸಿಗೆಯಲ್ಲಿ ಮೇಲಿನ ಕೋಣೆಯಲ್ಲಿ ಕೂರೋಕಾಗಲ್ಲ. ವಾಟರ್‌ಪ್ರೂಫ್ ಪೇಂಟ್ ಮೂರೇ ವರ್ಷಕ್ಕೆ ಸಿಪ್ಪೆ ಎದ್ದಿತು. ಸುಣ್ಣ, ಇಟ್ಟಂಗಿ ಚೂರಿನ ಗಚ್ಚು ಹಾಕಿಸಿದವರು ಇದ್ದರೆ ಹೇಳಿ.

ಬೀದರ್‌ನಿಂದ: ಕಣ್ಣು ಮುಚ್ಚಿ ಹಾಕಿಸಿ. ನಮ್ಮ ಅಜ್ಜನ ಮನೆಯಲ್ಲಿ ಇದೇ ಗಚ್ಚು, ಮಧ್ಯಾಹ್ನ ಫ್ಯಾನ್ ಬೇಕಾಗುತ್ತಿರಲಿಲ್ಲ. ಪೇಂಟ್ ಎಲ್ಲ ದುಡ್ಡು ದಂಡ.

ಯಾದಗಿರಿಯಿಂದ: ನಮ್ಮ ಬಚ್ಚಲ ಗೋಡೆಗೂ ತೇವ ಬರುತ್ತಿತ್ತು ಅಕ್ಕ, ಪೈಪ್ ಬದಲಿಸಿದ ಮೇಲೆ ನಿಂತಿತು. ನೀವೂ ಮೊದಲು ಪೈಪ್ ನೋಡಿಸಿ.

ಆಳಂದದಿಂದ: ಅಕ್ಕ, ಹೋದ ವರ್ಷ ಡಿಸೆಂಬರ್‌ನಲ್ಲಿ ನಾವು ಹಾಕಿಸಿದೆವು. ಬಿರು ಬಿಸಿಲಲ್ಲಿ ಗಚ್ಚು ಬೇಗ ಒಣಗಿ ಬಿರಿಯುತ್ತದೆ, ಹಾಗಾಗಿ ಚಳಿಗಾಲವೇ ಸರಿ.

ಮೊದಲು ಹಳೆ ಪೇಂಟ್ ಪೂರ್ತಿ ಕೆರೆಸಿ, ಸೀಳು ತುಂಬಿಸಿ. ಸುಣ್ಣದ ಕಲ್ಲನ್ನು ಹಾಕುವುದಕ್ಕೆ ವಾರ ಮುಂಚೆಯೇ ನೀರಲ್ಲಿ ಅರಳಿಸಿಡಬೇಕು. ಅರೆಬರೆ ಅರಳಿದ ಕಾಳು ಉಳಿದರೆ ಆಮೇಲೆ ಗಚ್ಚಿನೊಳಗೇ ಉಬ್ಬಿ ಮೇಲೆ ಸಿಡಿಯುತ್ತದೆ. ಒಂದು ಪಾಲು ಸುಣ್ಣಕ್ಕೆ ಎರಡು ಪಾಲು ಇಟ್ಟಂಗಿ ಪುಡಿ. ಚೂರು ಬೆರಳ ತುದಿಯಷ್ಟಿರಲಿ, ಚೆನ್ನಾಗಿ ನೆನೆದಿರಲಿ. ಒಣ ಚೂರು ಸುಣ್ಣದ ನೀರನ್ನೇ ಹೀರಿಬಿಡುತ್ತದೆ.

ನಿಜವಾದ ಕೆಲಸ ಬಡಿಯುವುದು. ಮರದ ಕೊಡತಿಯಲ್ಲಿ ಸಾಲಾಗಿ ಕೂತು ಏಳು ದಿನ ಬಡಿದರು. ನಡುವೆ ಬೆಲ್ಲದ ನೀರು ಚಿಮುಕಿಸುತ್ತಿದ್ದರು. ಮೊದಲ ದಿನ ಕೊಡತಿ ಹೂತುಹೋಗುತ್ತಿತ್ತು, ಕೊನೆಗೆ ಟಣ್ ಅಂತ ಎಗರಿ ಬರುತ್ತಿತ್ತು. ಎಗರಿದರೆ ಮುಗಿಯಿತು ಅಂತ ಗೌಂಡಿ ಹೇಳಿದ. ಆಮೇಲೆ ಹತ್ತು ದಿನ ಒದ್ದೆ ಗೋಣಿ ಹಾಸಿದೆವು. ಪ್ಯಾರಾಪೆಟ್ ಮೂಲೆಯನ್ನು ದುಂಡಗೆ ಮಾಡಿಸಿ. ನಮ್ಮಲ್ಲಿ ಒಂದು ಕಡೆ ಬಿಟ್ಟರು, ಮೊದಲ ಮಳೆಗೆ ಅಲ್ಲೇ ಸೋರಿತು.

ಬೀದರ್‌ನ ಅಣ್ಣ ಹೇಳಿದ್ದು ಅರ್ಧ ಸರಿ. ಮಧ್ಯಾಹ್ನ ತಂಪು ನಿಜ. ಆದರೆ ಗಚ್ಚು ಬಿಸಿಯನ್ನು ಹೊತ್ತುಕೊಂಡು ಸಂಜೆ ಮೇಲೆ ನಿಧಾನಕ್ಕೆ ಬಿಡುತ್ತದೆ. ಬಿಳಿ ಪೇಂಟ್ ಬಿಸಿಲನ್ನೇ ವಾಪಸ್ ಕಳಿಸುತ್ತದೆ, ಆದರೆ ನಮ್ಮ ಧೂಳಿಗೆ ಬೇಗ ಮಾಸುತ್ತದೆ. ನಾವು ಗಚ್ಚಿನ ಮೇಲೆ ಮಾರ್ಚ್‌ನಲ್ಲಿ ಸುಣ್ಣ ಬಳಿದೆವು. ಪ್ಲಾಸ್ಟಿಕ್ ಥರದ ಪೇಂಟ್ ಮಾತ್ರ ಅದರ ಮೇಲೆ ಬೇಡ. ಒಳಗಿನ ತೇವ ಹೊರಬರಲಾಗದೆ ಗುಳ್ಳೆ ಏಳುತ್ತದೆ.

ಶಹಾಬಾದ್‌ನಿಂದ: ಇಲ್ಲಿ ಈಗಿನ ಗೌಂಡಿಗಳು ಸುಣ್ಣ ಅಂತ ಹೇಳಿ ಸಿಮೆಂಟಲ್ಲೇ ಚೂರು ಕೂರಿಸುತ್ತಾರೆ. ಅದು ಬಿರಿಯಿತೆಂದರೆ ನೀರು ಚೂರಿನ ಮಧ್ಯೆ ನಿಂತು ತಿಂಗಳುಗಟ್ಟಲೆ ಜಿನುಗುತ್ತದೆ. ಎದುರಿಗೇ ಕಲಸಿಸಿ.

ಕೇಳಿದವರು: ನಾಲ್ಕು ಇಂಚು ಹಾಕಿದರೆ ಭಾರ ಎಷ್ಟು ಬರುತ್ತದೆ?

ಆಳಂದದಿಂದ: ಚದರಡಿಗೆ 18 ಕೆಜಿ ಹತ್ತಿರ. ನಿಮ್ಮ ಮಾಳಿಗೆಗೆ ಹತ್ತು ಟನ್ ಮೀರುತ್ತದೆ. ನಮ್ಮದು ಗಟ್ಟಿ ಕಲ್ಲಿನ ಗೋಡೆ, ತಡೆದುಕೊಂಡಿತು. ನಿಮ್ಮ ಸ್ಲ್ಯಾಬಿನ ಕಂಬಿ ತುಕ್ಕು ಹಿಡಿದಿದೆಯಾ? ಒಳಗಿನ ಪ್ಲಾಸ್ಟರ್ ಉದುರುತ್ತಿದ್ದರೆ ಇಂಜಿನಿಯರ್ ನೋಡುವ ತನಕ ಕೈ ಹಾಕಬೇಡಿ.

ಕೇಳಿದವರು: ಅಡುಗೆಮನೆ ಮೇಲೆ ಒಂದು ಕಡೆ ಉದುರಿದೆ, ಕಂಬಿ ಕಾಣುತ್ತದೆ. ನಾಳೆ ಕರೆಸುತ್ತೇನೆ.