ಎಲ್‌ಎಫ್‌ಪಿಯೋ ಎನ್‌ಎಂಸಿಯೋ: ನೂರಕ್ಕೆ ಚಾರ್ಜ್ ಮಾಡಬೇಕಾ, ಎಂಬತ್ತಕ್ಕೆ ನಿಲ್ಲಿಸಬೇಕಾ?

ಬಳ್ಳಾರಿ ಬಿಸಿಲು:
ಬಳ್ಳಾರಿಯಿಂದ ತೋರಣಗಲ್ಲಿಗೆ ದಿನಾ ಹೋಗಿ ಬರುತ್ತೇನೆ, ಸುಮಾರು 60 ಕಿ.ಮೀ. ಆಗುತ್ತದೆ. ತಿಂಗಳಿಗೊಮ್ಮೆ ಬೆಂಗಳೂರು. ಎರಡು ಎಲೆಕ್ಟ್ರಿಕ್ ಕಾರು ನೋಡಿಟ್ಟಿದ್ದೇನೆ, ಎರಡರದ್ದೂ ಲಿಥಿಯಂ ಬ್ಯಾಟರಿಯೇ, ಆದರೆ ಕೆಮಿಸ್ಟ್ರಿ ಬೇರೆ ಬೇರೆ. ಒಂದು ಹೊಸದು, 45 ಯೂನಿಟ್ಟಿನ ಎಲ್‌ಎಫ್‌ಪಿ. ಇನ್ನೊಂದು ಸೆಕೆಂಡ್ ಹ್ಯಾಂಡ್, 39 ಯೂನಿಟ್ಟಿನ ಎನ್‌ಎಂಸಿ, ಬೆಲೆ ತುಂಬಾ ಕಡಿಮೆ. ಶೋರೂಮಿನವರು "ದಿನಾ ಫುಲ್ ಮಾಡಿ, ಎಲ್‌ಎಫ್‌ಪಿಗೆ ಅದೇ ಒಳ್ಳೇದು" ಅಂತಾರೆ. ಗೆಳೆಯ "80 ದಾಟಿಸಿದರೆ ಬ್ಯಾಟರಿ ಹಾಳು" ಅಂತಾನೆ. ನಮ್ಮೂರ ಬಿಸಿಲು ಗೊತ್ತಲ್ಲ. ಗಾಡಿ ಇಟ್ಟುಕೊಂಡವರು ಹೇಳಿ.

ರಾಜಾಜಿನಗರ ರೈಡರ್:
ನಿಮ್ಮ ಗೆಳೆಯರು ಹೇಳಿದ್ದೇ ಸರಿ. ನನ್ನದು ಎನ್‌ಎಂಸಿ. ಮೊದಲಿನಿಂದ 80ಕ್ಕೆ ನಿಲ್ಲಿಸುತ್ತೇನೆ, ರೇಂಜ್ ಅಷ್ಟೇನೂ ಇಳಿದಿಲ್ಲ. ಲಿಥಿಯಂ ಯಾವುದಾದರೂ ಲಿಥಿಯಮ್ಮೇ. ಮೊಬೈಲಲ್ಲೂ ಈಗ 80ಕ್ಕೆ ನಿಲ್ಲಿಸುವ ಸೆಟ್ಟಿಂಗ್ ಬಂದಿದೆ. ಸುಮ್ನೆ ಯಾಕೆ ರಿಸ್ಕು?

ಹಿರಿಯೂರು ದಾರಿ:
ಎನ್‌ಎಂಸಿಗೆ ಸರಿ ಇರಬಹುದು ಸರ್, ಎಲ್‌ಎಫ್‌ಪಿಗೆ ಇದು ಅಷ್ಟು ಸಲೀಸಲ್ಲ. ನಾನು ತಗೊಂಡಿದ್ದು ಸೆಕೆಂಡ್ ಹ್ಯಾಂಡ್ ಎಲ್‌ಎಫ್‌ಪಿ. ಹಿಂದಿನ ಓನರ್ ತುಂಬಾ ಜೋಪಾನದ ಮನುಷ್ಯ, ಯಾವತ್ತೂ 80 ದಾಟಿಸಿಲ್ಲವಂತೆ. ಅದನ್ನೇ ಹೆಮ್ಮೆಯಿಂದ ಹೇಳಿ ಮಾರಿದರು. ಒಂದು ಸಂಜೆ ಚಿತ್ರದುರ್ಗದ ಕಡೆಯಿಂದ ಬರುವಾಗ ಮೀಟರ್ 22 ತೋರಿಸುತ್ತಿತ್ತು. ಮುಂದಿನ ಚಾರ್ಜರ್ ಆರಾಮಾಗಿ ಮುಟ್ಟುತ್ತೇನೆ ಅಂದುಕೊಂಡೆ. ನಾಲ್ಕೈದು ಕಿ.ಮೀ. ಆಗುವಷ್ಟರಲ್ಲಿ 9ಕ್ಕೆ ಬಂತು. ಎಸಿ ಆಫ್ ಮಾಡಿ, ಲಾರಿ ಹಿಂದೆ 40ರ ಸ್ಪೀಡಲ್ಲಿ ಹೋಗಿ ಮುಟ್ಟಿದೆ. ಸರ್ವಿಸ್‌ನವರು ಬ್ಯಾಟರಿಯಲ್ಲಿ ಏನೂ ತೊಂದರೆ ಇಲ್ಲ ಅಂದರು. ಎರಡು ಮೂರು ಸಲ ಮನೆಯ ಸ್ಲೋ ಚಾರ್ಜರಿನಲ್ಲಿ 100ಕ್ಕೆ ಒಯ್ದ ಮೇಲೆ ಸರಿಹೋಯಿತು. ಕಾರಣ ಮಾತ್ರ ಯಾರೂ ಬಿಡಿಸಿ ಹೇಳಲಿಲ್ಲ.

ಸೆಲ್ ಮೇಷ್ಟ್ರು:
ಬ್ಯಾಟರಿ ಪ್ಯಾಕ್ ಟೆಸ್ಟಿಂಗ್ ನನ್ನ ಕೆಲಸ. ಹಿರಿಯೂರಿನವರ ಗಾಡಿಗೆ ಏನಾಗಿತ್ತು ಅಂತ ಹೇಳುತ್ತೇನೆ, ಬಳ್ಳಾರಿಯವರ ಉತ್ತರವೂ ಅದರಲ್ಲೇ ಇದೆ.

ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಅಂತ ನೇರವಾಗಿ ಅಳೆಯಲು ಆಗುವುದಿಲ್ಲ. ವೋಲ್ಟೇಜ್ ನೋಡಿ ಅಂದಾಜು ಮಾಡಬೇಕು. ಎನ್‌ಎಂಸಿ ಸೆಲ್ 70ರಿಂದ 30ಕ್ಕೆ ಇಳಿಯುವಾಗ ವೋಲ್ಟೇಜ್ ಸುಮಾರು 0.3ರಷ್ಟು ಬೀಳುತ್ತದೆ, ಗುರುತಿಸುವುದು ಸುಲಭ. ಎಲ್‌ಎಫ್‌ಪಿಯಲ್ಲಿ ಅದೇ 70ರಿಂದ 30ಕ್ಕೆ ಬೀಳುವುದು 0.05 ವೋಲ್ಟ್ ಆಸುಪಾಸು ಅಷ್ಟೇ. 3.3 ವೋಲ್ಟ್ ಹತ್ತಿರವೇ ಮಲಗಿರುತ್ತದೆ. ಗಾಡಿ ಓಡುವಾಗ ಕರೆಂಟ್ ಏರಿಳಿದರೆ ಆಗುವ ಬದಲಾವಣೆಯೇ ಇದಕ್ಕಿಂತ ಜಾಸ್ತಿ. ಹಾಗಾಗಿ ಬ್ಯಾಟರಿಯನ್ನು ನೋಡಿಕೊಳ್ಳುವ ಸರ್ಕ್ಯೂಟ್, ಅಂದರೆ ಬಿಎಂಎಸ್, ಒಳಗೆ ಬಂದ ಕರೆಂಟ್, ಹೊರಗೆ ಹೋದ ಕರೆಂಟ್ ಕೂಡಿ ಕಳೆದು ಲೆಕ್ಕ ಇಡುತ್ತದೆ. ಗಲ್ಲಾದಲ್ಲಿರುವ ದುಡ್ಡು ಎಣಿಸದೆ ಬರೀ ಜಮಾ ಖರ್ಚಿನ ಪುಸ್ತಕ ನೋಡಿದ ಹಾಗೆ. ಸೆನ್ಸರಿನ ಚಿಕ್ಕ ತಪ್ಪು ದಿನಾ ಸೇರುತ್ತಾ ಹೋಗುತ್ತದೆ.

ಎಲ್‌ಎಫ್‌ಪಿಯ ವೋಲ್ಟೇಜ್ ನಿಜ ಹೇಳುವುದು ಎರಡೇ ಕಡೆ. ಪೂರ್ತಿ ತುಂಬುವಾಗ ಥಟ್ಟನೆ ಏರುತ್ತದೆ, ಖಾಲಿಯಾಗುತ್ತಾ ಬಂದಾಗ ಥಟ್ಟನೆ ಬೀಳುತ್ತದೆ. ಮೇಲಿನ ತುದಿ ಮುಟ್ಟಿಸದೆ ಓಡಿಸಿದರೆ, ತಪ್ಪು ಗೊತ್ತಾಗುವುದು ಕೆಳಗಿನ ತುದಿಯಲ್ಲಿ, ಅದೂ ರಸ್ತೆ ಮಧ್ಯೆ. 22 ಇದ್ದದ್ದು 9 ಆಗಿದ್ದು ಹೀಗೆ. ಆ 13 ಎಲ್ಲೂ ಸೋರಿಹೋಗಲಿಲ್ಲ, ಅದು ಇರಲೇ ಇಲ್ಲ.

ಒಂದು ಸಲಕ್ಕೆ ಯಾಕೆ ಸರಿಹೋಗಲಿಲ್ಲ ಅಂದರೆ, ಸೆಲ್‌ಗಳನ್ನು ಸಮ ಮಾಡುವ ಕೆಲಸವೂ ಮೇಲಿನ ತುದಿಯಲ್ಲೇ ನಡೆಯುತ್ತದೆ. ಅದರ ಕರೆಂಟ್ ತೀರಾ ಚಿಕ್ಕದು. ಒಂದು ಸೆಲ್ 3 ಆಂಪಿಯರ್ ಅವರ್ ಹಿಂದೆ ಬಿದ್ದಿದೆ ಅಂದುಕೊಳ್ಳಿ. 0.1 ಆಂಪಿಯರ್‌ನಲ್ಲಿ ಸಮ ಮಾಡಲು 30 ಗಂಟೆ ಬೇಕು. 100 ತೋರಿಸಿದ ತಕ್ಷಣ ಗನ್ ಕಿತ್ತರೆ ಅದು ಮುಗಿಯುವುದು ಯಾವಾಗ? ಸ್ವಲ್ಪ ಹೊತ್ತು ಹಾಗೇ ಬಿಡಿ.

ರಾಜಾಜಿನಗರ ರೈಡರ್:
ಅಂದ್ರೆ ಶೋರೂಮಿನವರು ಹೇಳಿದ್ದೇ ಸರೀನಾ? ದಿನಾ 100?

ಸೆಲ್ ಮೇಷ್ಟ್ರು:
ಅದೂ ಅಲ್ಲ. 100 ಬೇಕಾಗಿರುವುದು ಮೀಟರಿಗೆ, ಸೆಲ್ಲಿನ ಆರೋಗ್ಯಕ್ಕಲ್ಲ. ಕೆನಡಾದ ಡಾಲ್‌ಹೌಸಿ ವಿಶ್ವವಿದ್ಯಾಲಯದಲ್ಲಿ ಜೆಫ್ ಡಾನ್ ಅವರ ಲ್ಯಾಬ್ 2024ರಲ್ಲಿ ತೋರಿಸಿದ್ದೂ ಇದನ್ನೇ. ಯಾವಾಗಲೂ ಮೇಲಿನ ತುದಿಯ ಹತ್ತಿರವೇ ಓಡಿಸಿದ ಎಲ್‌ಎಫ್‌ಪಿ ಸೆಲ್ ಬೇಗ ಸವೆಯುತ್ತದೆ, ಶಾಖ ಜಾಸ್ತಿ ಇದ್ದರೆ ಇನ್ನೂ ಬೇಗ. ಎಲ್‌ಎಫ್‌ಪಿ ಇದನ್ನು ಎನ್‌ಎಂಸಿಗಿಂತ ಚೆನ್ನಾಗಿ ತಡೆಯುತ್ತದೆ, ಅಷ್ಟೇ. ಬಳ್ಳಾರಿಯವರಿಗೆ ದಿನಕ್ಕೆ 9 ಯೂನಿಟ್ ಸಾಕು. ವಾರಕ್ಕೊಮ್ಮೆ 100, ಉಳಿದ ದಿನ 70-80. ಬೆಳಿಗ್ಗೆ ಹೊರಡುವ ಹೊತ್ತಿಗೆ ಫುಲ್ ಆಗುವ ಹಾಗೆ ಟೈಮರ್ ಇಡಿ. ಫುಲ್ ಮಾಡಿ ಮೇ ತಿಂಗಳ ಬಿಸಿಲಲ್ಲಿ ಎರಡು ದಿನ ನಿಲ್ಲಿಸಬೇಡಿ.

ಹಿರಿಯೂರು ದಾರಿ:
ವಾರಕ್ಕೊಮ್ಮೆಯೇ ಬೇಕಾ? ನಾನು ಈಗ ತಿಂಗಳಿಗೊಮ್ಮೆ ಮಾಡುತ್ತೇನೆ, ಮೀಟರ್ ಸರಿಯಾಗೇ ಇದೆ.

ಸೆಲ್ ಮೇಷ್ಟ್ರು:
ಟೆಸ್ಲಾದವರು ಎಲ್‌ಎಫ್‌ಪಿ ಗಾಡಿಗೆ ವಾರಕ್ಕೊಮ್ಮೆ ಅಂತಾರೆ. ನಿಮ್ಮ ಗಾಡಿಯ ಮ್ಯಾನ್ಯುಯಲ್ ಏನು ಹೇಳುತ್ತದೋ ಅದೇ ಕೊನೆಯ ಮಾತು, ಯಾಕಂದ್ರೆ ವಾರಂಟಿ ಕೇಳುವಾಗ ಅದನ್ನೇ ತೆಗೆಯುತ್ತಾರೆ.

ಮಿನ್ನೆಸೋಟ ಮೈಸೂರಿಗ:
ಎಲ್‌ಎಫ್‌ಪಿ ತಗೋಬೇಡಿ ಸರ್! ನನ್ನದು ಅದೇ. ಜನವರಿಯಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೋದಾಗ ಬ್ರೇಕ್ ಹಿಡಿದರೆ ಚಾರ್ಜ್ ವಾಪಸ್ ಬರುವುದೇ ಇಲ್ಲ. ಬ್ಯಾಟರಿ ಬಿಸಿ ಆಗುವ ತನಕ ಫಾಸ್ಟ್ ಚಾರ್ಜರ್ ಕೂಡ ಆಮೆ ವೇಗ. ಪಕ್ಕದ ಮನೆಯವರ ಎನ್‌ಎಂಸಿ ನಮ್ಮದಕ್ಕಿಂತ ವಾಸಿ.

ಬಳ್ಳಾರಿ ಬಿಸಿಲು:
ಅಣ್ಣಾ, ನಮ್ಮೂರಲ್ಲಿ ಜನವರಿಯಲ್ಲೂ ಫ್ಯಾನ್ ಹಾಕುತ್ತೇವೆ 😀 ಮೇಷ್ಟ್ರೇ, ಆ ಕಡಿಮೆ ಬೆಲೆಯ ಎನ್‌ಎಂಸಿ ಬಗ್ಗೆ ಹೇಳಿ. ಕೈಬಿಡಲಾ?

ಸೆಲ್ ಮೇಷ್ಟ್ರು:
ಬರೀ ಎನ್‌ಎಂಸಿ ಅನ್ನೋ ಕಾರಣಕ್ಕೆ ಬಿಡಬೇಡಿ. 80ರಿಂದ 30ರವರೆಗೆ ಬಳಸಿದರೂ 19 ಯೂನಿಟ್ ಸಿಗುತ್ತದೆ, ನಿಮಗೆ ಎರಡು ದಿನದ ಓಡಾಟ. ಬೆಂಗಳೂರಿಗೆ ಹೊರಡುವ ಬೆಳಿಗ್ಗೆ ಮಾತ್ರ 100 ಮಾಡಿ. ಆದರೆ ಅದು ಹಿಂದೆ ಹೇಗೆ ಬಾಳಿತ್ತು ಅನ್ನುವುದು ಮುಖ್ಯ. ದಿನಾ ಫುಲ್ ಮಾಡಿ ಬಿಸಿಲಲ್ಲಿ ನಿಲ್ಲಿಸಿದ ಎನ್‌ಎಂಸಿ ಒಳಗೊಳಗೇ ಸವೆದಿರುತ್ತದೆ, ಮೀಟರ್ ಮಾತ್ರ 100 ಅಂತಲೇ ತೋರಿಸುತ್ತದೆ. ಯಾಕಂದ್ರೆ ಆ 100 ಈಗ ಉಳಿದಿರುವುದರ 100, ಹೊಸದರದ್ದಲ್ಲ.

ಅದಕ್ಕೆ ಯೂನಿಟ್ ಎಣಿಸಿ. 20ಕ್ಕೆ ಇಳಿಸಿ, ಮನೆಯ ಚಾರ್ಜರಿನಲ್ಲಿ 100ಕ್ಕೆ ಒಯ್ಯಿರಿ. ಹೊಸ 39ರ ಪ್ಯಾಕಿಗೆ ಒಳಗೆ ಹೋಗಬೇಕಾದದ್ದು 31, ಪರಿವರ್ತನೆಯಲ್ಲಿ ಹಾಳಾಗುವುದೂ ಸೇರಿ ಗೋಡೆ ಮೀಟರಿನಲ್ಲಿ 34-35. ಸುಮಾರು 31 ಬಂದರೆ ಹತ್ತರಲ್ಲಿ ಒಂದು ಪಾಲು ಹೋಗಿದೆ, ಹಳೇ ಗಾಡಿಗೆ ಅದು ಸಹಜ. 27-28 ಬಂದರೆ ಬೆಲೆ ಯಾಕೆ ಕಡಿಮೆ ಅಂತ ಗೊತ್ತಾಗುತ್ತದೆ. ವಾರಂಟಿ ಎರಡನೇ ಓನರಿಗೆ ಪೂರ್ತಿ ಬರುತ್ತದಾ ಅಂತಲೂ ಬರೆಸಿಕೊಳ್ಳಿ.

ಇನ್ನೊಂದು, ಕಂಪನಿ ಹೆಸರು ನೋಡಿ ಕೆಮಿಸ್ಟ್ರಿ ಊಹಿಸಬೇಡಿ. ಮಹೀಂದ್ರದ ಎಕ್ಸ್‌ಯುವಿ400 ಎನ್‌ಎಂಸಿ, ಅದೇ ಮಹೀಂದ್ರದ ಬಿಇ 6 ಎಲ್‌ಎಫ್‌ಪಿ.

ಬಳ್ಳಾರಿ ಬಿಸಿಲು:
ಓನರ್ ಮನೆಯಲ್ಲಿ ಬೇರೆ ಮೀಟರ್ ಇಲ್ಲವಂತೆ. ಹೈವೇ ಚಾರ್ಜರಿನ ಬಿಲ್ ನೋಡಿದರೆ ನಡೆಯುತ್ತದಾ?

ಸೆಲ್ ಮೇಷ್ಟ್ರು:
ನಡೆಯುತ್ತದೆ, ಆದರೆ ಲೆಕ್ಕ ಬದಲಿಸಿ. ಡಿಸಿ ಚಾರ್ಜರಿನಲ್ಲಿ ಪರಿವರ್ತನೆ ಹೊರಗೇ ಆಗಿರುತ್ತದೆ, ಗೋಡೆ ಮೀಟರಿನ ಹೆಚ್ಚುವರಿ ಸೇರಿಸಬೇಡಿ. 80 ದಾಟಿದ ಮೇಲೆ ನಿಧಾನ ಆಗುವುದರಿಂದ 20ರಿಂದ 80ರವರೆಗೆ ನೋಡಿದರೆ ಸಾಕು. ಹೊಸದಾಗಿದ್ದರೆ 23-24 ಯೂನಿಟ್. ಚಾರ್ಜ್ ಆಗುವಾಗ ಒಳಗೆ ಎಸಿ ಹಾಕಿಕೊಂಡು ಕೂರಬೇಡಿ, ಅದೂ ಬಿಲ್ಲಿಗೆ ಸೇರುತ್ತದೆ.