ಮುಂಬೈಯಲ್ಲಿ ಸರ್ವರ್ ಬಾಡಿಗೆಗೆ ಪಡೆದರೆ ನನ್ನ ಷೇರು ಖರೀದಿಗೆ ಅನುಕೂಲವಾಗುತ್ತದೆಯೇ?

ಪ್ರಶ್ನೆ (ಶಿಕ್ಷಕಿ, ಧಾರವಾಡ): ನಾನು ಪ್ರತಿ ತಿಂಗಳು ಸಂಬಳದಲ್ಲಿ ಸ್ವಲ್ಪ ಉಳಿಸಿ ಷೇರು ಕೊಳ್ಳುತ್ತೇನೆ, ವರ್ಷಗಟ್ಟಲೆ ಇಟ್ಟುಕೊಳ್ಳುತ್ತೇನೆ. ಎಕ್ಸ್‌ಚೇಂಜ್‌ನ ಪಕ್ಕದಲ್ಲೇ ಕಂಪ್ಯೂಟರ್ ಇಟ್ಟುಕೊಂಡವರು ನಮಗಿಂತ ಮೊದಲು ಕೊಳ್ಳುತ್ತಾರೆ, ಆದ್ದರಿಂದ ನೀವೂ ಮುಂಬೈಯಲ್ಲಿ ‘ಲೋ ಲೇಟೆನ್ಸಿ’ ಸರ್ವರ್ ಬಾಡಿಗೆಗೆ ಪಡೆಯಿರಿ ಎಂದು ಒಬ್ಬರು ದುಂಬಾಲು ಬಿದ್ದಿದ್ದಾರೆ. ಇದು ನನಗೆ ಬೇಕೇ?

ಉತ್ತರ (ನೆಟ್‌ವರ್ಕ್ ಎಂಜಿನಿಯರ್, ಮುಂಬೈ): ಬೇಡ ಮೇಡಂ. ವೇಗವಾಗಿ ವಹಿವಾಟು ನಡೆಸುವ ಒಂದು ಸಂಸ್ಥೆಯಲ್ಲಿ ಒಂಬತ್ತು ವರ್ಷ ಕೇಬಲ್ ಮತ್ತು ಸ್ವಿಚ್‌ಗಳನ್ನು ನೋಡಿಕೊಂಡವನು ನಾನು. ಅವರಿಗೆ ವೇಗ ಯಾಕೆ ಬೇಕು ಎಂಬುದು ತಿಳಿದರೆ ನಿಮಗೆ ಯಾಕೆ ಬೇಡ ಎಂಬುದೂ ತಿಳಿಯುತ್ತದೆ.

ಒಂದು ಬ್ಯಾಂಕ್ ಷೇರನ್ನು ತೆಗೆದುಕೊಳ್ಳೋಣ. ‘ಅ’ ಎಂಬ ಸಂಸ್ಥೆ ದಿನವಿಡೀ ಆ ಷೇರನ್ನು 799.95 ರೂಪಾಯಿಗೆ ಕೊಳ್ಳಲೂ 800.05ಕ್ಕೆ ಮಾರಲೂ ಸಿದ್ಧವೆಂದು ಎರಡೂ ಕಡೆ ಆರ್ಡರ್ ಇಟ್ಟಿರುತ್ತದೆ. ನಡುವಿನ ಹತ್ತು ಪೈಸೆಯೇ ಅದರ ಜೀವನೋಪಾಯ. ಈಗ ನಿಫ್ಟಿ ಫ್ಯೂಚರ್ಸ್, ಅಂದರೆ ದೊಡ್ಡ ಕಂಪನಿಗಳ ಷೇರು ಸೂಚ್ಯಂಕದ ಮೇಲಿನ ವಾಯಿದೆ ಒಪ್ಪಂದ, ದಿಢೀರನೆ ಮೇಲೇರಿತು ಎನ್ನಿ. ಬ್ಯಾಂಕ್ ಷೇರಿನ ಬೆಲೆಯೂ ಮುಂದಿನ ಕ್ಷಣದಲ್ಲಿ ಸುಮಾರು 800.60ಕ್ಕೆ ಹೋಗುತ್ತದೆ ಎಂಬುದು ಈ ವ್ಯಾಪಾರದಲ್ಲಿರುವ ಎಲ್ಲರಿಗೂ ಗೊತ್ತು, ಆದರೆ ‘ಅ’ ಇಟ್ಟ 800.05ರ ಮಾರಾಟದ ಆರ್ಡರ್ ಇನ್ನೂ ಎಕ್ಸ್‌ಚೇಂಜ್‌ನ ಆರ್ಡರ್ ಪುಸ್ತಕದಲ್ಲೇ ಇದೆ. ಅದು ಹಳಸಿದ ಬೆಲೆ. ಅದನ್ನು ರದ್ದುಪಡಿಸಲು ‘ಅ’ ಧಾವಿಸುತ್ತದೆ, ಅದೇ ಬೆಲೆಗೆ ಕೊಂಡುಬಿಡಲು ‘ಬ’ ಮತ್ತು ‘ಕ’ ಧಾವಿಸುತ್ತವೆ. ಆ ಆರ್ಡರ್ 2000 ಷೇರುಗಳದ್ದಾದರೆ, ಮೊದಲು ತಲುಪಿದ ‘ಬ’ಗೆ ಷೇರಿಗೆ 55 ಪೈಸೆಯಂತೆ 1100 ರೂಪಾಯಿ ಸಿಗುತ್ತದೆ, ‘ಅ’ಗೆ ಅಷ್ಟೇ ನಷ್ಟವಾಗುತ್ತದೆ, ಒಂದು ಮೈಕ್ರೋಸೆಕೆಂಡ್ ತಡವಾಗಿ ಬಂದ ‘ಕ’ಗೆ ಏನೂ ಸಿಗುವುದಿಲ್ಲ. ಎಕ್ಸ್‌ಚೇಂಜ್ ಮೊದಲು ಬೆಲೆಯನ್ನು ನೋಡುತ್ತದೆ. ಬೆಲೆ ಒಂದೇ ಆಗಿದ್ದರೆ ಯಾರು ಮೊದಲು ಬಂದರು ಎಂಬುದನ್ನು ಮಾತ್ರ ನೋಡುತ್ತದೆ. ಇಲ್ಲಿ ಎರಡನೆಯ ಬಹುಮಾನವಿಲ್ಲ.

ಬೆಳಕು ಗಾಜಿನ ಎಳೆಯೊಳಗೆ ಒಂದು ಮೈಕ್ರೋಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗದಲ್ಲಿ, ಸುಮಾರು 200 ಮೀಟರ್ ಮಾತ್ರ ಸಾಗುತ್ತದೆ. ಹಾಗಾಗಿ ಬಾಂದ್ರಾ–ಕುರ್ಲಾ ಸಂಕೀರ್ಣದಲ್ಲಿರುವ ಎನ್‌ಎಸ್‌ಇಯಿಂದ ನಾಲ್ಕು ಕಟ್ಟಡ ಆಚೆ ಸರ್ವರ್ ಇಟ್ಟವನು, ಒಳಗಿನ ರ‍್ಯಾಕ್‌ನಲ್ಲಿ ಇಟ್ಟವನೆದುರು ಮೇಲಿನ ಪಂದ್ಯವನ್ನು ಆರಂಭಕ್ಕೂ ಮೊದಲೇ ಸೋತಿರುತ್ತಾನೆ. ಎಕ್ಸ್‌ಚೇಂಜ್ ತನ್ನ ಯಂತ್ರಗಳಿರುವಲ್ಲೇ ರ‍್ಯಾಕ್‌ಗಳನ್ನು ಬಾಡಿಗೆಗೆ ಕೊಡುವ ಕೋ-ಲೊಕೇಶನ್ ವ್ಯವಸ್ಥೆಗೆ ಸಂಸ್ಥೆಗಳು ಹಣ ಸುರಿಯುವುದು ಇದಕ್ಕಾಗಿಯೇ. ಒಳಗೆ ಸೇರಿದ ಮೇಲೂ ಅಂತರದ ಲೆಕ್ಕ ಮುಗಿಯುವುದಿಲ್ಲ. ನ್ಯೂಯಾರ್ಕ್ ಷೇರುಪೇಟೆಯ ಯಂತ್ರಗಳಿರುವ ನ್ಯೂಜೆರ್ಸಿಯ ಮಾವಾ ಕೇಂದ್ರದಲ್ಲಿ, ಹತ್ತಿರದ ರ‍್ಯಾಕ್‌ಗೂ ದೂರದ ರ‍್ಯಾಕ್‌ಗೂ ಒಂದೇ ಉದ್ದದ ಕೇಬಲ್ ಕೊಟ್ಟು, ಹೆಚ್ಚಾದದ್ದನ್ನು ಸುರುಳಿ ಸುತ್ತಿಡುತ್ತಾರೆ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಇದೇ ಷೇರನ್ನು ನೀವು ನೂರು ಕೊಳ್ಳುತ್ತೀರಿ, ನಿಮ್ಮ ಆರ್ಡರ್ ಕಾಲು ಸೆಕೆಂಡ್ ತಡವಾಗಿ ತಲುಪುತ್ತದೆ ಎಂದುಕೊಳ್ಳೋಣ. ಆ ಕಾಲು ಸೆಕೆಂಡಿನಲ್ಲಿ ಬೆಲೆ ಐದು ಪೈಸೆ ಏರಿರಬಹುದು, ಅಷ್ಟೇ ಸಂಭವದಿಂದ ಐದು ಪೈಸೆ ಇಳಿದಿರಲೂಬಹುದು, ಏಕೆಂದರೆ ನೀವು ಕೊಳ್ಳಲು ಕಾರಣವಾದದ್ದು ಆ ಬ್ಯಾಂಕಿನ ಮುಂದಿನ ಹತ್ತು ವರ್ಷಗಳ ಬಗೆಗಿನ ನಿಮ್ಮ ನಂಬಿಕೆಯೇ ಹೊರತು ಮುಂದಿನ ಕ್ಷಣದ ಸುದ್ದಿಯಲ್ಲ. ಏರಿದರೆ ಐದು ರೂಪಾಯಿ ಹೆಚ್ಚು ಕೊಡುತ್ತೀರಿ, ಇಳಿದರೆ ಐದು ರೂಪಾಯಿ ಉಳಿಯುತ್ತದೆ. ‘ಅ’ ಮತ್ತು ‘ಬ’ಗಳ ಸ್ಥಿತಿ ಹಾಗಲ್ಲ: ಅವರಿಗೆ ಬೆಲೆ ಯಾವ ಕಡೆ ಹೋಗಲಿದೆ ಎಂಬುದು ಗೊತ್ತಿದೆ ಮತ್ತು ಆ ತಿಳಿವಳಿಕೆಯ ಆಯಸ್ಸು ಕೆಲವೇ ಮೈಕ್ರೋಸೆಕೆಂಡ್. ಅಷ್ಟು ಅಲ್ಪಾಯುಷಿಯಾದ ಕಾರಣವನ್ನು ನಂಬಿ ವಹಿವಾಟು ಮಾಡುವವನಿಗೆ ಮಾತ್ರ ವೇಗಕ್ಕೆ ಬೆಲೆಯಿದೆ. ಹೋಲಿಕೆಗೆ ಹೇಳುವುದಾದರೆ, 80,000 ರೂಪಾಯಿಯ ಈ ಖರೀದಿಗೆ ನೀವು ಕಟ್ಟುವ ವಹಿವಾಟು ತೆರಿಗೆಯೇ 80 ರೂಪಾಯಿ, ಅದರ ಮೇಲೆ ಸ್ಟಾಂಪ್ ಶುಲ್ಕ 12 ರೂಪಾಯಿ.

ಇನ್ನು ಅವರು ಮಾರಲು ಬಂದಿರುವ ಸರ್ವರ್. ಅದು ಬಹುತೇಕ ಮುಂಬೈಯ ಯಾವುದೋ ಸಾಮಾನ್ಯ ಡೇಟಾ ಸೆಂಟರ್‌ನಲ್ಲಿರುತ್ತದೆ, ಎಕ್ಸ್‌ಚೇಂಜ್‌ನ ಒಳಗಲ್ಲ. ಅಲ್ಲಿಂದ ಹೊರಟ ಆರ್ಡರ್ ಕೂಡ ನಿಮ್ಮ ಬ್ರೋಕರ್‌ನ ಸರ್ವರ್‌ಗೆ ಹೋಗಿ, ಖಾತೆಯಲ್ಲಿ ಹಣವಿದೆಯೇ ಎಂಬ ಪರಿಶೀಲನೆ ಮುಗಿಸಿಕೊಂಡೇ ಎಕ್ಸ್‌ಚೇಂಜ್ ತಲುಪಬೇಕು. ಧಾರವಾಡದಿಂದ ಮುಂಬೈಗೆ ರಸ್ತೆಯ ಗುಂಟ ಹಾಕಿದ ಗಾಜಿನ ಎಳೆಯಲ್ಲಿ ಬೆಳಕಿಗೆ ಬೇಕಾಗುವುದು ಸುಮಾರು 3 ಮಿಲಿಸೆಕೆಂಡ್. ನಿಮ್ಮ ಸಂದೇಶ ಬೆಂಗಳೂರು ಸುತ್ತಿ ಹೋದರೂ ಅದರ ಕೆಲವು ಪಟ್ಟು, ಅಷ್ಟೇ. ಪರದೆ ನೋಡಿ ಬೆರಳು ಒತ್ತಲು ಮನುಷ್ಯನಿಗೆ ಸುಮಾರು 200 ಮಿಲಿಸೆಕೆಂಡ್ ಬೇಕು. ಉಳಿಸಲಾಗದ ಕಡೆ ಉಳಿಸಲು ತಿಂಗಳಿಗೆ ಬಾಡಿಗೆ ಕಟ್ಟಬೇಡಿ. ಅವರು `ping` ಮಾಡಿ 2 ಮಿಲಿಸೆಕೆಂಡ್ ಎಂದು ತೋರಿಸಿದರೂ ನಂಬಬೇಡಿ: ಎಷ್ಟೋ ಬಾರಿ ಅದಕ್ಕೆ ಉತ್ತರಿಸುವುದು ಬ್ರೋಕರ್‌ನ ಮುಂದೆ ನಿಂತ ಹತ್ತಿರದ ಮಧ್ಯವರ್ತಿ ಸರ್ವರ್, ಆರ್ಡರ್ ಸ್ವೀಕರಿಸುವ ಯಂತ್ರವಲ್ಲ.

ವ್ಯಾಪಾರಿ, ದಾವಣಗೆರೆ: ಸರ್, ನಿಮ್ಮ ಮಾತು ನನಗೆ ಒಪ್ಪಿಗೆಯಾಗುತ್ತಿಲ್ಲ. ಕಳೆದ ವರ್ಷ ವಾಯಿದೆ ಮುಗಿಯುವ ದಿನ ಆಪ್ಷನ್ ಮಾರಲು ಒತ್ತಿದೆ, ನನ್ನ ಬ್ರೋಕರ್‌ನ ಆ್ಯಪ್ ನಾಲ್ಕು ನಿಮಿಷ ಸುತ್ತುತ್ತಲೇ ಇತ್ತು. ಅಷ್ಟರಲ್ಲಿ ಹನ್ನೊಂದು ಸಾವಿರ ಕಳೆದುಕೊಂಡೆ. ನನಗೆ ಕೋ-ಲೊಕೇಶನ್ ಇದ್ದಿದ್ದರೆ ಹೀಗಾಗುತ್ತಿತ್ತೇ?

ನೆಟ್‌ವರ್ಕ್ ಎಂಜಿನಿಯರ್: ನಿಮ್ಮ ನಷ್ಟ ನಿಜವಾದದ್ದು, ಆದರೆ ಅದರ ಕಾರಣ ದೂರವಲ್ಲ. ನಾಲ್ಕು ನಿಮಿಷ ಎಂದರೆ 24 ಕೋಟಿ ಮೈಕ್ರೋಸೆಕೆಂಡ್. ಬ್ರೋಕರ್‌ನ ವ್ಯವಸ್ಥೆ ಕುಸಿದಾಗ ನಿಮ್ಮ ಮನೆ ಎಕ್ಸ್‌ಚೇಂಜ್‌ನ ಎದುರಿಗಿದ್ದರೂ ಆರ್ಡರ್ ಹೋಗುತ್ತಿರಲಿಲ್ಲ. ಯಾವ ಹಂತದಲ್ಲಿ ತಡವಾಯಿತು ಎಂಬುದನ್ನು ನೀವೇ ಪತ್ತೆ ಮಾಡಬಹುದು: ಆರ್ಡರ್ ವಿವರದಲ್ಲಿ ಬ್ರೋಕರ್ ಸ್ವೀಕರಿಸಿದ ಸಮಯವನ್ನೂ ಎಕ್ಸ್‌ಚೇಂಜ್ ನಮೂದಿಸಿದ ಸಮಯವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಎರಡರ ನಡುವೆ ನಿಮಿಷಗಳ ಅಂತರವಿದ್ದರೆ ದೋಷ ಬ್ರೋಕರ್‌ನ ಕಡೆಯದು. ಬ್ರೋಕರ್‌ನ ದಾಖಲೆಯಲ್ಲಿ ಆರ್ಡರ್ ಬಂದದ್ದೇ ತಡವಾಗಿದ್ದರೆ ನಿಮ್ಮ ಫೋನ್, ಜಾಲ ಅಥವಾ ಆ್ಯಪ್‌ನ ಮುಂಬಾಗಿಲನ್ನು ಶಂಕಿಸಬೇಕು. ದೂರಿಗೆ ಈ ದಾಖಲೆಯೇ ಆಧಾರ. ಪರ್ಯಾಯವಾಗಿ ಕರೆ ಮಾಡಿ ಆರ್ಡರ್ ಕೊಡುವ ಸಂಖ್ಯೆಯನ್ನು ಮೊದಲೇ ಬರೆದಿಟ್ಟುಕೊಂಡಿರಿ.

ನಿವೃತ್ತ ಬ್ಯಾಂಕ್ ಅಧಿಕಾರಿ, ಮಂಗಳೂರು: ಎನ್‌ಎಸ್‌ಇಯ ಕೋ-ಲೊಕೇಶನ್ ಪ್ರಕರಣವನ್ನು ಮರೆತಿರಾ? ಈ ಸಂಸ್ಥೆಗಳು ನಮ್ಮ ಆರ್ಡರನ್ನು ದಾರಿಯಲ್ಲೇ ನೋಡಿ, ನಮಗಿಂತ ಮೊದಲು ಕೊಂಡು, ನಮಗೇ ಹೆಚ್ಚಿನ ಬೆಲೆಗೆ ಮಾರಿದ್ದರಿಂದಲೇ ಅಲ್ಲವೇ ಸೆಬಿ ದಂಡ ಹಾಕಿದ್ದು?

ನೆಟ್‌ವರ್ಕ್ ಎಂಜಿನಿಯರ್: ಪ್ರಕರಣ ನಡೆದದ್ದು ನಿಜ, ಆದರೆ ದೂರು ಅದಲ್ಲ. ಆಗ ಎನ್‌ಎಸ್‌ಇ ಪ್ರತಿಯೊಂದು ಆರ್ಡರಿನ ವಿವರವನ್ನು ಕೋ-ಲೊಕೇಶನ್‌ನಲ್ಲಿದ್ದವರಿಗೆ ಒಬ್ಬರಾದ ಮೇಲೆ ಒಬ್ಬರಿಗೆ ಸಾಲಾಗಿ ಕಳುಹಿಸುತ್ತಿತ್ತು. ಬೆಳಿಗ್ಗೆ ಯಾರು ಮೊದಲು ಲಾಗಿನ್ ಆದರೋ ಅವರಿಗೆ ಇಡೀ ದಿನ ಮಾಹಿತಿ ಮೊದಲು ಸಿಗುವ ಸಾಧ್ಯತೆಯಿತ್ತು. 2014ರಲ್ಲಿ ಎಲ್ಲರಿಗೂ ಏಕಕಾಲಕ್ಕೆ ಹೊರಡುವ ಮಲ್ಟಿಕಾಸ್ಟ್ ವಿಧಾನಕ್ಕೆ ಬದಲಾಯಿಸಿದರು. ಸೆಬಿ 2019ರ ಏಪ್ರಿಲ್‌ನಲ್ಲಿ, ವಂಚನೆ ಸಾಬೀತಾಗಿಲ್ಲವೆಂದರೂ ಎಕ್ಸ್‌ಚೇಂಜ್ ತಕ್ಕ ಎಚ್ಚರ ವಹಿಸಲಿಲ್ಲವೆಂದು 624.89 ಕೋಟಿ ರೂಪಾಯಿಯನ್ನು ಬಡ್ಡಿಸಹಿತ ಕಟ್ಟಲು ಆದೇಶಿಸಿತು. 2023ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು ತಳ್ಳಿಹಾಕಿ 100 ಕೋಟಿಗೆ ಇಳಿಸಿತು. ನನಗೆ ಇದು ಗಂಭೀರ ತಪ್ಪಾಗಿಯೇ ಕಾಣುತ್ತದೆ, ಏಕೆಂದರೆ ಒಂದೇ ಬಾಡಿಗೆ ಕೊಟ್ಟವರಿಗೆ ಒಂದೇ ಸಮಯ ಸಿಗಬೇಕು. ಆದರೆ ಅಲ್ಲಿ ನೇರ ಪೆಟ್ಟು ತಿಂದವರು ತಡವಾಗಿ ಲಾಗಿನ್ ಆದ ಇತರ ವೇಗದ ಸಂಸ್ಥೆಗಳು. ನೀವು ಕಳುಹಿಸಿದ ಆರ್ಡರ್ ಎಕ್ಸ್‌ಚೇಂಜ್‌ನ ಪುಸ್ತಕ ಸೇರುವವರೆಗೆ ಅವರ ಕಣ್ಣಿಗೆ ಬೀಳುವುದಿಲ್ಲ. ಸೇರಿದ ಕೂಡಲೇ ಎದುರಿನ ಬೆಲೆಯೊಂದಿಗೆ ಹೊಂದಿಕೆಯಾದರೆ ಮುಗಿಯಿತು.

ನಿಮ್ಮ ಮಾತಿನಲ್ಲಿ ಅರ್ಧ ಸತ್ಯವಿರುವುದು ಬೇರೆ ಎರಡು ಕಡೆ. ಅಮೆರಿಕದಲ್ಲಿ ಒಂದೇ ಷೇರು ಹಲವು ಎಕ್ಸ್‌ಚೇಂಜ್‌ಗಳಲ್ಲಿ ನಡೆಯುವುದರಿಂದ, ದೊಡ್ಡ ಆರ್ಡರಿನ ಒಂದು ತುಂಡು ಮೊದಲ ಎಕ್ಸ್‌ಚೇಂಜ್ ಮುಟ್ಟಿದಾಗಲೇ ವೇಗದವರು ಉಳಿದ ಎಕ್ಸ್‌ಚೇಂಜ್‌ಗಳಿಗೆ ಓಡಿ ಬೆಲೆ ಬದಲಾಯಿಸಬಲ್ಲರು. ಇದನ್ನು ತಡೆಯಲೆಂದೇ ಐಇಎಕ್ಸ್ ಎಂಬ ಎಕ್ಸ್‌ಚೇಂಜ್ 38 ಮೈಲಿ ಉದ್ದದ ಗಾಜಿನ ಎಳೆಯನ್ನು ಸುರುಳಿ ಸುತ್ತಿಟ್ಟು, ಬರುವ ಆರ್ಡರುಗಳನ್ನು 350 ಮೈಕ್ರೋಸೆಕೆಂಡ್ ತಡೆಹಿಡಿಯುತ್ತದೆ. ಎರಡನೆಯದು, ಮ್ಯೂಚುವಲ್ ಫಂಡ್ ಲಕ್ಷಾಂತರ ಷೇರುಗಳನ್ನು ತುಂಡು ತುಂಡಾಗಿ ಕೊಳ್ಳುವಾಗ ಆ ಮಾದರಿಯನ್ನು ಊಹಿಸಿ ಮುಂದೆ ನಿಲ್ಲುವುದು ಎಲ್ಲ ಕಡೆಯೂ ಸಾಧ್ಯ. ನೂರು ಷೇರು ಕೊಳ್ಳುವವರನ್ನು ಹಾಗೆ ಊಹಿಸಿ ಯಾರಿಗೂ ಪ್ರಯೋಜನವಿಲ್ಲ.

ಅರ್ಥಶಾಸ್ತ್ರ ಸಂಶೋಧಕ, ಲಂಡನ್: ತಮ್ಮ ವಿವರಣೆ ಸರಿ, ಆದರೆ ‘ಸಾಮಾನ್ಯರಿಗೆ ಸಂಬಂಧವಿಲ್ಲ’ ಎಂಬ ಭಾವನೆ ಉಳಿಯಬಾರದು. ಬ್ರಿಟನ್ನಿನ ಹಣಕಾಸು ನಿಯಂತ್ರಕರಿಗಾಗಿ ನಡೆದ ಒಂದು ಅಧ್ಯಯನ ಲಂಡನ್ ಷೇರುಪೇಟೆಯ 2015ರ ಸಂದೇಶಗಳನ್ನು ಪರಿಶೀಲಿಸಿತು, ಸೋತವರ ತಿರಸ್ಕೃತ ಆರ್ಡರುಗಳನ್ನೂ ಬಿಡಲಿಲ್ಲ. ತಾವು ಹೇಳಿದಂಥ ಪಂದ್ಯ ದೊಡ್ಡ ಷೇರುಗಳಲ್ಲಿ ನಿಮಿಷಕ್ಕೆ ಸುಮಾರು ಒಂದರಂತೆ ನಡೆಯುತ್ತಿತ್ತು, 5ರಿಂದ 10 ಮೈಕ್ರೋಸೆಕೆಂಡಿನಲ್ಲಿ ಮುಗಿಯುತ್ತಿತ್ತು, ವಹಿವಾಟಿನ ಸುಮಾರು ಐದನೆಯ ಒಂದು ಭಾಗ ಅದರಲ್ಲೇ ಇತ್ತು. ‘ಅ’ ತನ್ನ ಆ 1100 ರೂಪಾಯಿ ನಷ್ಟವನ್ನು ಕೈಯಿಂದ ಭರಿಸುವುದಿಲ್ಲ. ಕೊಳ್ಳುವ ಮತ್ತು ಮಾರುವ ಬೆಲೆಗಳ ಅಂತರವನ್ನು ಸ್ವಲ್ಪ ಹಿಗ್ಗಿಸಿ ನಮ್ಮೆಲ್ಲರಿಂದ ವಸೂಲು ಮಾಡುತ್ತದೆ. ಆ ಅಧ್ಯಯನದ ಅಂದಾಜು ಒಟ್ಟು ವಹಿವಾಟಿನ ಲಕ್ಷಕ್ಕೆ ಐದರಷ್ಟು. ಕ್ಷಣಕ್ಷಣವೂ ಹೊಂದಿಸುವ ಬದಲು ಆರ್ಡರುಗಳನ್ನು ಸಣ್ಣ ಸಣ್ಣ ಕಂತುಗಳಲ್ಲಿ ಒಟ್ಟುಗೂಡಿಸಿ ಹರಾಜು ಹಾಕಿದರೆ ಈ ಓಟವೇ ನಿಲ್ಲುತ್ತದೆ ಎಂಬುದು ನನ್ನ ನಿಲುವು.

ನೆಟ್‌ವರ್ಕ್ ಎಂಜಿನಿಯರ್: ಅಂತರ ಹಿಗ್ಗುವ ಮಾತನ್ನು ನಾನು ಹೇಳಬೇಕಿತ್ತು, ತಿದ್ದಿದ್ದಕ್ಕೆ ಧನ್ಯವಾದ. ಆದರೆ ಆ ಲೆಕ್ಕದ ಪ್ರಕಾರವೂ ಮೇಡಂ ಅವರ 80,000 ರೂಪಾಯಿಗೆ ಬರುವ ಹೊರೆ ನಾಲ್ಕು ರೂಪಾಯಿ, ಮತ್ತು ಅದನ್ನು ಸರ್ವರ್ ಬಾಡಿಗೆಗೆ ಪಡೆದು ತಪ್ಪಿಸಿಕೊಳ್ಳಲಾಗದು. ಕಂತಿನ ಹರಾಜಿನ ಬಗ್ಗೆ ನನಗೆ ಅಷ್ಟು ಭರವಸೆಯಿಲ್ಲ. ಫ್ಯೂಚರ್ಸ್ ಕ್ಷಣಕ್ಷಣವೂ ಚಲಿಸುತ್ತಿದ್ದು ಷೇರು ಮಾತ್ರ ಕಂತಿನಲ್ಲಿ ನಡೆದರೆ, ಕಂತು ಮುಗಿಯುವ ಕೊನೆಯ ಮೈಕ್ರೋಸೆಕೆಂಡಿಗೆ ಓಟ ಸ್ಥಳಾಂತರವಾಗಬಹುದು.

ಅರ್ಥಶಾಸ್ತ್ರ ಸಂಶೋಧಕ, ಲಂಡನ್: ಕೊನೆಯ ಕ್ಷಣದಲ್ಲಿ ಬಂದವರೆಲ್ಲ ಆಗ ಬೆಲೆಯಲ್ಲಿ ಪೈಪೋಟಿ ನಡೆಸಬೇಕಾಗುತ್ತದೆ, ವೇಗದಲ್ಲಲ್ಲ, ವ್ಯತ್ಯಾಸ ಅದೇ. ಎರಡು ಪೇಟೆಗಳು ಬೇರೆ ಬೇರೆ ನಿಯಮದಲ್ಲಿದ್ದರೆ ತೊಡಕಾಗುತ್ತದೆ ಎಂಬುದನ್ನು ಮಾತ್ರ ಒಪ್ಪುತ್ತೇನೆ.

ಶಿಕ್ಷಕಿ, ಧಾರವಾಡ: ಸರ್ವರ್ ಬೇಡವೆಂದು ಅವರಿಗೆ ತಿಳಿಸಿದೆ. ಇನ್ನೊಂದು ಸಂಶಯ: ನಾನು ಕೆಲವೊಮ್ಮೆ ಇಂದಿನ ಬೆಲೆಗಿಂತ ಕಡಿಮೆ ಬೆಲೆಗೆ ಲಿಮಿಟ್ ಆರ್ಡರ್ ಇಟ್ಟು ತರಗತಿಗೆ ಹೋಗಿಬಿಡುತ್ತೇನೆ. ಹಾಗಾದರೆ ನನ್ನದೂ ‘ಅ’ಯ ಆರ್ಡರಿನಂತೆ ಹಳಸುವುದಿಲ್ಲವೇ?

ನೆಟ್‌ವರ್ಕ್ ಎಂಜಿನಿಯರ್: ಹಳಸುತ್ತದೆ ಮೇಡಂ. ಕೆಟ್ಟ ಸುದ್ದಿ ಬಂದು ಬೆಲೆ ಕುಸಿಯುವಾಗ ನಿಮ್ಮ ಆರ್ಡರ್ ಮೊದಲು ತುಂಬಿಕೊಳ್ಳುತ್ತದೆ, ಸಂಜೆ ನೋಡಿದರೆ ಬೆಲೆ ಇನ್ನೂ ಕೆಳಗಿರುತ್ತದೆ. ಆದರೆ ಹಾಗೆ ಕುಸಿದ ದಿನ ನಿಮಗೆ ಬೇಕಾದದ್ದು ಮೈಕ್ರೋಸೆಕೆಂಡ್ ಅಲ್ಲ, ಸುದ್ದಿಯನ್ನು ಓದಿ ಯೋಚಿಸಲು ಅರ್ಧ ಗಂಟೆ. ಹೆಚ್ಚು ವಹಿವಾಟಿಲ್ಲದ ಸಣ್ಣ ಕಂಪನಿಯ ಷೇರಾದರೆ ಮಾತ್ರ ಸಿಕ್ಕ ಬೆಲೆಗೆ ಕೊಂಡುಬಿಡುವ ಮಾರ್ಕೆಟ್ ಆರ್ಡರ್ ಹಾಕದೆ ಲಿಮಿಟ್ ಆರ್ಡರನ್ನೇ ಹಾಕಿ, ಏಕೆಂದರೆ ಅಲ್ಲಿ ಎದುರಿನ ಬೆಲೆಗಳ ನಡುವೆ ಪೈಸೆಗಳಲ್ಲ, ರೂಪಾಯಿಗಳ ಅಂತರವಿರುತ್ತದೆ. ತರಗತಿಗೆ ಹೋಗುವ ದಿನ, ಆ ಬೆಲೆಗೆ ಕೊಂಡರೆ ಸುದ್ದಿ ಏನೇ ಇದ್ದರೂ ನಿಮಗೆ ಒಪ್ಪಿಗೆಯೇ ಎಂದು ಒಮ್ಮೆ ಕೇಳಿಕೊಂಡು ಇಡಿ. ಒಪ್ಪಿಗೆ ಇಲ್ಲದಿದ್ದರೆ ಸಂಜೆ ಮನೆಗೆ ಬಂದು ಮರುದಿನದ ಆರ್ಡರ್ ಬರೆಯಿರಿ.